ಒಡೆಯದ ಹೋಳು: ಅರ್ಧ ಕಿಲೋ ಬಟಾಟೆ, ಐದು ಪಾತ್ರೆ

ಬಟಾಟೆ ಅರೆ ಬೆಂದಿರುವಾಗ ಗ್ಯಾಸ್ ಮುಗಿದುಹೋದರೆ ಏನಾಗುತ್ತದೆಂದು ಅಡಿಗೆಯವರಿಗೆ ಗೊತ್ತು. ಸಿಲಿಂಡರ್ ಬದಲಿಸಿ ಮತ್ತೆ ಒಲೆ ಹಚ್ಚುವಷ್ಟರಲ್ಲಿ ಪಾತ್ರೆ ಬೆಚ್ಚಗಿನ ಮಟ್ಟಕ್ಕೆ ಇಳಿದಿರುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಆ ಹೋಳು ಮೊದಲಿನಷ್ಟು ಸಲೀಸಾಗಿ ಮೆತ್ತಗಾಗುವುದಿಲ್ಲ. ‘ಕಲ್ಲು ಬಟಾಟೆ’ ಎಂದು ಅಂಗಡಿಯವನನ್ನು ಬೈಯುವುದು ವಾಡಿಕೆ. ತಪ್ಪು ಅಂಗಡಿಯವನದ್ದಲ್ಲ, ಬಟಾಟೆಯದ್ದೂ ಅಲ್ಲ. 50ರಿಂದ 70 ಡಿಗ್ರಿ ಸೆಲ್ಸಿಯಸ್‌ನ ನಡುವೆ ಬಟಾಟೆಯೊಳಗಿನ ಒಂದು ಕಿಣ್ವ ಚುರುಕಾಗುತ್ತದೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ನನ್ನು ಅದು ಸ್ವಲ್ಪ ಬದಲಾಯಿಸುತ್ತದೆ, ಬಟಾಟೆಯಲ್ಲೇ ಇರುವ ಕ್ಯಾಲ್ಸಿಯಂ ಬಂದು ಅಲ್ಲಿ ಕೂತು ಬೆಸುಗೆ ಹಾಕುತ್ತದೆ. ಹೀಗೆ ಬೆಸೆದ ಪೆಕ್ಟಿನ್ ಆಮೇಲಿನ ಕುದಿಗೆ ಅಷ್ಟು ಬೇಗ ಕರಗದು.

ಗ್ಯಾಸ್ ಮುಗಿದ ದಿನ ಆಕಸ್ಮಿಕವಾಗಿ ಆಗುವ ಇದೇ ಕೆಲಸವನ್ನು ಅಳತೆಯಲ್ಲಿ, ಬೇಕೆಂದೇ ಮಾಡಿದರೆ ಕೊದಿಲಿನಲ್ಲಿ, ಅಂದರೆ ತೆಂಗಿನ ಮಸಾಲೆ ಅರೆದು ಹುಳಿ ಹಾಕಿ ಮಾಡುವ ನಮ್ಮ ಸಾಂಬಾರಿನಲ್ಲಿ, ಹೋಳು ಒಡೆಯದೆ ನಿಲ್ಲುತ್ತದೆ. ಕೆಳಗಿರುವುದು ಅದರ ದಾಖಲೆ. ಒಂದೊಂದು ಪಾತ್ರೆಗೆ ಅರ್ಧ ಕಿಲೋ ಬಟಾಟೆ, ಒಂದೇ ಗಾತ್ರದ ಹೋಳು, ಒಂದೇ ಒಲೆ. ಮುಖ್ಯವಾಗಿ ಬದಲಾದದ್ದು ನೀರಿನ ಬಿಸಿ, ನೀರಿನ ಮೂಲ ಮತ್ತು ಹುಳಿ ಬೀಳುವ ಹೊತ್ತು.

ಬಟಾಟೆ ಮತ್ತು ನೀರು

ಕಾಸರಗೋಡಿನ ಬದಿಯಡ್ಕ, ಪೆರ್ಲದ ಅಂಗಡಿಗಳಲ್ಲಿ ಒಂದೇ ಗೋಣಿಯಲ್ಲಿ ಎರಡು ಗುಣದ ಬಟಾಟೆ ಇರುವುದುಂಟು. ಬೆಂದಾಗ ಹುಡಿಹುಡಿಯಾಗುವುದು ಒಂದು, ಮೇಣದ ಹಾಗೆ ಗಟ್ಟಿಯಾಗಿ ನಿಲ್ಲುವುದು ಇನ್ನೊಂದು. ಹುಡಿಯಾಗುವುದರಲ್ಲಿ ಪಿಷ್ಟ ಹೆಚ್ಚು, ಆದ್ದರಿಂದ ತೂಕವೂ ಹೆಚ್ಚು. 900 ಮಿಲಿ ನೀರಿಗೆ 100 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ, ತೊಳೆದ ಬಟಾಟೆಯನ್ನು ಅದರೊಳಗೆ ಬಿಟ್ಟರೆ ಗೊತ್ತಾಗುತ್ತದೆ. ಮುಳುಗುವುದು ಹುಡಿಯಾಗುವ ಜಾತಿ, ತೇಲುವುದು ಗಟ್ಟಿ ನಿಲ್ಲುವ ಜಾತಿ. ಮುಳುಗಿದ್ದನ್ನು ಪಲ್ಯಕ್ಕೆ, ಬೋಂಡಕ್ಕೆ ಎತ್ತಿಡಬಹುದು, ತೇಲಿದ್ದು ಕೊದಿಲಿಗೆ. ಆ ಉಪ್ಪುನೀರನ್ನು ಚೆಲ್ಲಬೇಕಿಲ್ಲ, ಮಾವಿನಮಿಡಿ ಹಾಕುವ ಮನೆಯಲ್ಲಿ ಉಪ್ಪುನೀರು ಯಾವತ್ತೂ ದಂಡವಾಗದು. ಕುದಿಸಿ ಆರಿಸಿಟ್ಟುಕೊಳ್ಳಬೇಕು ಅಷ್ಟೆ. ಈ ದಾಖಲೆಗೆ ಬೇಕೆಂದೇ ಮುಳುಗಿದ ಬಟಾಟೆಯನ್ನು ಆರಿಸಿದೆ. ಕಷ್ಟದ್ದು ನಿಂತರೆ ಸುಲಭದ್ದು ನಿಂತೇ ನಿಲ್ಲುತ್ತದೆ.

ನೀರಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಅದೇ ಅರ್ಧ ಕಾರಣ. ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದ ಸುರಂಗದ ನೀರು, ಮುರಮಣ್ಣಿನ ಬಾವಿಯ ನೀರು ಬಹಳ ಮೆದು. ಅದರಲ್ಲಿ ಸುಣ್ಣದ ಅಂಶ ಕಡಿಮೆ. ಸೋಪು ಚೆನ್ನಾಗಿ ನೊರೆಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ. ಅದೇ ಕಾರಣಕ್ಕೆ ಬಟಾಟೆಯ ಹೊರಮೈಯೂ ಬೇಗ ಕಳಚುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದೇ ಬಟಾಟೆ ಅದೇ ಒಲೆಯಲ್ಲಿ ಬೇರೆ ಬಗೆಯಲ್ಲಿ ಬೇಯುತ್ತದೆ. ಪಾತ್ರೆಯ ಒಳಬದಿಯಲ್ಲಿ ಬಿಳಿ ಪದರ ಕಟ್ಟಿದ್ದರೆ ನೀರು ಗಡಸು ಎಂದು ತಿಳಿಯಬಹುದು.

ಹೋಳು ಎರಡೂವರೆ ಸೆಂಟಿಮೀಟರಿನ ಚೌಕ, ಅಂದರೆ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು. ಮೆಟ್ಟುಕತ್ತಿಯಲ್ಲಿ ಕೊರೆಯುವಾಗ ಕೈ ತಾನಾಗಿ ಓರೆ ಹೋಗಿ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗಿನ ತುಂಡು ಬರುತ್ತದೆ. ಕೊದಿಲಿನಲ್ಲಿ ಮೊದಲು ಕರಗುವುದು ಆ ತೆಳ್ಳಗಿನ ಅಂಚೇ. ಬಟಾಟೆಯ ಒಂದು ಬದಿಯನ್ನು ಸವರಿ ಚಪ್ಪಟೆ ಮಾಡಿ, ಮಣೆಯ ಮೇಲೆ ಆ ಬದಿಯಲ್ಲಿ ಕೂರಿಸಿ ಚೂರಿಯಿಂದ ಹಲಗೆ, ಹಲಗೆಯಿಂದ ಕಡ್ಡಿ, ಕಡ್ಡಿಯಿಂದ ಚೌಕ ಮಾಡುವುದು ಒಳ್ಳೆಯದು. ಗಾತ್ರದ ಬಗ್ಗೆ ಇಷ್ಟು ಹಟ ಯಾಕೆಂದರೆ ದಪ್ಪ ಎರಡು ಪಟ್ಟಾದರೆ ನಡುವಿಗೆ ಬಿಸಿ ಮುಟ್ಟಲು ಎರಡಲ್ಲ, ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಒಂದೂವರೆ ಸೆಂಟಿಮೀಟರಿನ ತುಂಡು ಮತ್ತು ಮೂರು ಸೆಂಟಿಮೀಟರಿನ ತುಂಡು ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಬೇಯುವುದು ಆಗದ ಮಾತು. ಕೊರೆದ ಹೋಳನ್ನು ಎರಡು ನೀರಿನಲ್ಲಿ ತೊಳೆದು ಮೇಲಿನ ಹಿಟ್ಟು ಹೋಗಲಾಡಿಸಬೇಕು.

ಒಂದನೇ ಪಾತ್ರೆ: ಕುದಿಯುವ ನೀರಿಗೆ

ಸುರಂಗದ ನೀರು ಒಂದೂವರೆ ಲೀಟರ್, ಕೊತಕೊತ ಕುದಿಯುವಾಗ ಹೋಳು ಹಾಕಿ, ಉರಿ ತಗ್ಗಿಸದೆ 12 ನಿಮಿಷ. ಐದನೇ ನಿಮಿಷಕ್ಕೆ ನೀರು ಗಂಜಿತಿಳಿಯ ಹಾಗೆ ಮಬ್ಬಾಯಿತು. ಎಂಟನೇ ನಿಮಿಷಕ್ಕೆ ಚೌಕದ ಮೂಲೆಗಳು ಉರುಟಾದವು. ಆಗ ಒಂದು ಹೋಳು ತೆಗೆದು ಅಡ್ಡ ಕೊಯ್ದಾಗ ಹೊರಗೆ ಒಂದು ಕಾಳಿನಷ್ಟು ದಪ್ಪಕ್ಕೆ ಪೂರ್ತಿ ಬೆಂದು ಹಿಸುಕುವ ಹಾಗಿತ್ತು, ನಡುವೆ ಹಸಿ ಬಟಾಟೆಯ ಬಿಳಿ ಚುಕ್ಕೆ ಇನ್ನೂ ಇತ್ತು. 12ಕ್ಕೆ ನಡು ಬೆಂದಿತು, ಆದರೆ ಹೊರಗಿನ ಪದರ ಸೌಟಿಗೆ ಅಂಟಿ ಬರತೊಡಗಿತು. ಮಸಾಲೆ ಹಾಕಿ ಎರಡು ಸಲ ಕದಡಿದ್ದೇ ಬಹುಪಾಲು ಹೋಳುಗಳ ಮೂಲೆ ಮುರಿದು ಕೊದಿಲು ಬಟಾಟೆ ಹಿಟ್ಟಿನಿಂದ ದಪ್ಪವಾಯಿತು.

ಇಲ್ಲಿ ಎರಡು ಕೆಟ್ಟದ್ದು ಒಟ್ಟಿಗೆ ನಡೆಯಿತು. ಹೊರಮೈ ತಕ್ಷಣ 90 ಡಿಗ್ರಿ ದಾಟಿದ್ದರಿಂದ ಬೆಸುಗೆ ಹಾಕುವ ಕಿಣ್ವಕ್ಕೆ ಕೆಲಸ ಮಾಡುವ ಹೊತ್ತೇ ಸಿಗಲಿಲ್ಲ, ಅದು ಅಲ್ಲೇ ಸತ್ತಿತು. ನಡು ಬೇಯುವವರೆಗೆ ಕಾಯುವಾಗ ಹೊರಮೈಯ ಪೆಕ್ಟಿನ್ ಕರಗುತ್ತಾ ಹೋಯಿತು. ಒಳಗಿನ ಪಿಷ್ಟ ನೀರು ಕುಡಿದು ಉಬ್ಬಿ ಕೋಶಗಳನ್ನು ಹೊರಗೆ ದೂಡಿತು. ಮೂಲೆಗೆ ಮೂರು ಕಡೆಯಿಂದ ಬಿಸಿ ಬೀಳುವುದರಿಂದ ಅದು ಮೊದಲು ಹೋಗುತ್ತದೆ. ಇದರ ಮೇಲೆ ಕೊತಕುದಿಯಲ್ಲಿ ಹೋಳುಗಳು ಒಂದಕ್ಕೊಂದು ಗುದ್ದಿಕೊಳ್ಳುವುದು ಬೇರೆ.

ಎರಡನೇ ಪಾತ್ರೆ: ಹುಳಿ ಮೊದಲು

ಉಪ್ಪು, ಹುಳಿ, ಬೆಲ್ಲ, ಮೆಣಸಿನ ಹುಡಿ ಎಲ್ಲ ಒಟ್ಟಿಗೆ ಹಾಕಿ ತರಕಾರಿ ಬೇಯಿಸುವ ಕ್ರಮ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ಸುವರ್ಣಗೆಡ್ಡೆಗೆ ಅದು ಬೇಕು, ಬಾಯಿ ತುರಿಸುವುದು ಕಡಿಮೆಯಾಗುತ್ತದೆ. ಬಟಾಟೆಗೆ ಅದನ್ನೇ ಮಾಡಿ ನೋಡಿದ್ದು: ದೊಡ್ಡ ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ ಕಿವುಚಿದ ಒಂದು ಲೀಟರ್ ನೀರು, ನಡು ಉರಿ.

12 ನಿಮಿಷಕ್ಕೆ ಹೋಳು ಚೂಪು ಮೂಲೆಯೊಂದಿಗೆ ಹಾಗೇ ಇತ್ತು. ನೀರು ತಿಳಿಯಾಗಿತ್ತು. 25 ನಿಮಿಷವಾದರೂ ಹಲ್ಲಿಗೆ ಕರಕರ ಸಿಗುತ್ತಿತ್ತು. ಪಿಷ್ಟ ಬೆಂದಿದೆ, ಹಸಿ ವಾಸನೆ ಹೋಗಿದೆ, ಆದರೆ ಕೋಶಗಳ ಬೆಸುಗೆ ಬಿಟ್ಟಿಲ್ಲ. ಹುಳಿ ನೀರಿನಲ್ಲಿ ಪೆಕ್ಟಿನ್ ಕರಗುವುದು ಬಹಳ ನಿಧಾನ. ಆಕಾರ ನಿಂತಿತು ನಿಜ, ಆದರೆ ಊಟದಲ್ಲಿ ಅದು ಬಟಾಟೆಯೆನಿಸಲಿಲ್ಲ.

ಇದರಿಂದ ಒಂದು ಉಪಯೋಗ ಸಿಕ್ಕಿತು. ಹುಳಿ ಬಿದ್ದ ಕ್ಷಣಕ್ಕೆ ಹೋಳು ಎಷ್ಟು ಮೆತ್ತಗಿದೆಯೋ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಬೇಯುವ ಮೊದಲು ಬಿದ್ದರೆ ಅಡ್ಡಗಾಲು, ಬೆಂದ ಮೇಲೆ ಬಿದ್ದರೆ ಕಾವಲು.

ಮೂರನೇ ಪಾತ್ರೆ: 65 ಡಿಗ್ರಿಯಲ್ಲಿ ಅರ್ಧ ಗಂಟೆ

ಅಡಿಗೆಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೂ 65 ಡಿಗ್ರಿ ಹಿಡಿಯಲು ಒಂದು ಲೆಕ್ಕ ಇದೆ. ಕುದಿಯುವ ನೀರು ಮೂರು ಪಾಲು, ಬಾವಿಯ ತಣ್ಣೀರು ಎರಡು ಪಾಲು. ಕಾಸರಗೋಡಿನಲ್ಲಿ ಬಾವಿ ನೀರು 28 ಡಿಗ್ರಿಯ ಆಸುಪಾಸು ಇರುತ್ತದೆ, ಹಾಗಾಗಿ ಬೆರೆತ ನೀರು ಸುಮಾರು 71 ಡಿಗ್ರಿಗೆ ಬರುತ್ತದೆ. ಅದಕ್ಕೆ ನೀರಿನ ತೂಕದ ಐದನೇ ಒಂದು ಪಾಲು ಬಟಾಟೆ ಹಾಕಿದರೆ ಬಿಸಿ 65ಕ್ಕೆ ಇಳಿದು ನಿಲ್ಲುತ್ತದೆ. ಅರ್ಧ ಕಿಲೋ ಬಟಾಟೆಗೆ ಇದರ ಅರ್ಥ: ಕುದಿಯುವ ನೀರು ಒಂದೂವರೆ ಲೀಟರ್, ತಣ್ಣೀರು ಒಂದು ಲೀಟರ್. ಲೋಟದಲ್ಲೇ ಅಳೆದರೂ ಸಾಕು, ಆದರೆ ಎರಡಕ್ಕೂ ಅದೇ ಲೋಟ ಇರಬೇಕು. ಬಟಾಟೆ ಫ್ರಿಜ್‌ನಿಂದ ಬಂದಿದ್ದರೆ 62ರ ಹತ್ತಿರ ನಿಲ್ಲುತ್ತದೆ, ಅದಕ್ಕೆ ಚಿಂತೆಯಿಲ್ಲ.

ದಪ್ಪ ತಳದ ನಾಲ್ಕು ಲೀಟರಿನ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ ಒಲೆ ಆರಿಸಬೇಕು. ತಣ್ಣೀರು ಹೊಯ್ದು ಒಮ್ಮೆ ಕದಡಿ, ಆಮೇಲೆ ಹೋಳು ಹಾಕಬೇಕು. ಈ ಕ್ರಮ ತಪ್ಪಬಾರದು. ಹೋಳು ಮೊದಲು ಕುದಿನೀರಿಗೆ ಬಿದ್ದರೆ ಮೇಲ್ಮೈಯ ಕಿಣ್ವ ಅಷ್ಟರಲ್ಲೇ ಹೋಗುತ್ತದೆ, ಬೆಸುಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ ಮೇಲ್ಮೈಗೆ. ಮುಚ್ಚಳ ಮುಚ್ಚಿ, ಹಳೆಯ ಬೈರಾಸು ಎರಡು ಸುತ್ತು ಸುತ್ತಿ 30 ನಿಮಿಷ ಬಿಡಬೇಕು. ಕೊನೆಗೆ ಬಿಸಿ 60ರ ಕೆಳಗೆ ಇಳಿದಿದ್ದರೂ 50ರ ಮೇಲಿದ್ದರೆ ಕೆಲಸ ನಡೆದಿರುತ್ತದೆ. ನೀರಿಗೆ ಬೆರಳು ಅದ್ದಿದರೆ ತಕ್ಷಣ ಹಿಂದೆಳೆಯಬೇಕೆನಿಸುವಷ್ಟು ಬಿಸಿ ಇರಬೇಕು. ಬೆರಳಿಟ್ಟು ನೆಮ್ಮದಿಯಾಗಿ ಐದು ಎಣಿಸಲಾದರೆ ತಣ್ಣಗಾಗಿದೆ ಎಂದರ್ಥ.

ಅರ್ಧ ಗಂಟೆಯ ಬಳಿಕ ಹೋಳು ನೋಡಲು ಹಸಿಯದೇ ಹಾಗೆ, ಸ್ವಲ್ಪ ಗಾಜಿನ ಹೊಳಪು ಮಾತ್ರ ಬಂದಿರುತ್ತದೆ. ಇಲ್ಲಿ ಒಂದು ಲೀಟರ್ ನೀರನ್ನು ತೆಗೆದಿಡಬೇಕು, ಮಸಾಲೆ ಅರೆಯಲು, ಕೊದಿಲು ತೆಳುಮಾಡಲು ಅದೇ ಆಗುತ್ತದೆ. ಉಳಿದ ನೀರು ಹೋಳಿನ ಮೇಲೆ ಎರಡು ಬೆರಳು ನಿಂತರೆ ಸಾಕು. ಒಂದು ಚಹಾ ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಏರಿಸಬೇಕು. ನೀರು ಕೊತಕೊತ ಕುದಿಯಬಾರದು. ಪಾತ್ರೆಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಹೋಳು ಅಲುಗಬಾರದು. ಆ ಮಟ್ಟಕ್ಕೆ ಬಂದ ಮೇಲೆ 14 ನಿಮಿಷಕ್ಕೆ ಬೆಂದಿತು.

ಬೆಂದದ್ದನ್ನು ನೋಡಲು ಚಮಚದಿಂದ ಹಿಸುಕಬಾರದು. ಹಸಿ ತೆಂಗಿನ ಗರಿಯ ಕಡ್ಡಿಯನ್ನು ತೊಳೆದು ಚುಚ್ಚಬೇಕು. ತುದಿ ಒಳಹೋಗಿ ನಡುವಿನಲ್ಲಿ ಸಣ್ಣ ತಡೆ ಸಿಕ್ಕಿದರೆ ಇನ್ನೂ ಎರಡು ಮೂರು ನಿಮಿಷ ಬೇಕು. ತಡೆಯಿಲ್ಲದೆ ದಾಟಿ, ಎತ್ತಿದಾಗ ಹೋಳು ಕಡ್ಡಿಯಲ್ಲಿ ಒಂದು ಕ್ಷಣ ನಿಂತು ಆಮೇಲೆ ಜಾರಿದರೆ ಸರಿ. ಎತ್ತುವ ಮೊದಲೇ ಸೀಳಿ ಬಿದ್ದರೆ ಹೆಚ್ಚಾಯಿತು. ಪಾತ್ರೆಯ ನಡುವಿನಿಂದ ಒಂದು, ಅಂಚಿನಿಂದ ಒಂದು, ಎರಡು ಹೋಳು ನೋಡಬೇಕು, ಯಾಕೆಂದರೆ ಒಲೆಯ ಉರಿ ಪಾತ್ರೆಯ ತಳಕ್ಕೆಲ್ಲ ಒಂದೇ ಸಮ ತಾಗುವುದು ಅಪರೂಪ.

ಈ ಪಾತ್ರೆಯ ಹೋಳನ್ನು ಅಡ್ಡ ಕೊಯ್ದಾಗ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಇತ್ತು. ಬೆಸುಗೆಯಷ್ಟೇ ದೊಡ್ಡ ಲಾಭ ಇದು. ಅರ್ಧ ಗಂಟೆಯಲ್ಲಿ ಹೋಳಿನ ನಡು 60ರ ಆಸುಪಾಸಿಗೆ ಆಗಲೇ ಬಂದಿರುವುದರಿಂದ, ಕೊನೆಯ ಬೇಯುವಿಕೆಯಲ್ಲಿ ಒಳಗೂ ಹೊರಗೂ ಹೆಚ್ಚು ಅಂತರ ಉಳಿದಿರುವುದಿಲ್ಲ. ಬಿಸಿನೀರು ಬಸಿದು, ಅಗಲದ ತಟ್ಟೆಯಲ್ಲಿ ಒಂದೇ ಪದರಾಗಿ ಹರಡಿ 20 ನಿಮಿಷ ಬಿಟ್ಟಾಗ ಮೇಲ್ಮೈಯ ಹಸಿ ಆರಿ ಹೋಳು ಇನ್ನಷ್ಟು ಗಟ್ಟಿಯಾಯಿತು. ಉಬ್ಬಿದ ಪಿಷ್ಟ ತಣಿಯುವಾಗ ಬಿಗಿದುಕೊಳ್ಳುವುದೇ ಇದಕ್ಕೆ ಕಾರಣ. ಒಂದರ ಮೇಲೊಂದು ರಾಶಿ ಹಾಕಿದರೆ ಒಳಗಿನವು ಹಬೆಯಲ್ಲಿ ಬೇಯುತ್ತಲೇ ಇರುತ್ತವೆ, ಹರಡಿದ್ದರ ಫಲ ಸಿಗದು.

ನಾಲ್ಕನೇ ಪಾತ್ರೆ: ಅಳತೆ ತಪ್ಪಿದರೆ

ಇದನ್ನು ಎರಡು ಸಲ, ಎರಡು ಬಗೆಯಲ್ಲಿ ಕೆಡಿಸಿ ನೋಡಿದ್ದು. ಒಮ್ಮೆ ತಣ್ಣೀರು ಕಡಿಮೆ ಮಾಡಿ, ಎರಡು ಲೀಟರ್ ಕುದಿನೀರಿಗೆ ಅರ್ಧ ಲೀಟರ್ ಮಾತ್ರ. ಹೋಳು ಬಿದ್ದ ಮೇಲೂ ನೀರು 75ರ ಮೇಲೆಯೇ ಇತ್ತು. ಆ ಬಿಸಿಯಲ್ಲಿ ಕಿಣ್ವ ಬಾಳುವುದಿಲ್ಲ. ಅರ್ಧ ಗಂಟೆ ಕಾದದ್ದು ವ್ಯರ್ಥವಾಗಿ, ಮೂಲೆಗಳು ಒಂದನೇ ಪಾತ್ರೆಗಿಂತ ಅಲ್ಪಸ್ವಲ್ಪ ಮೇಲು ಅನ್ನುವ ಹಾಗೆ ಬಂದವು. ಇನ್ನೊಮ್ಮೆ ಅಳತೆ ಸರಿಯಿಟ್ಟು ಹೊತ್ತು ಮೀರಿಸಿ, ಬೈರಾಸು ಸುತ್ತಿ ಒಂದೂವರೆ ಗಂಟೆ. ಹೋಳು ಮೆತ್ತಗಾಗಲು ಸಣ್ಣ ಕುದಿಯಲ್ಲಿ ಅರ್ಧ ಗಂಟೆ ಹಿಡಿಯಿತು, ಬೆಂದ ಮೇಲೂ ಅಗಿದರೆ ಒಂದು ರೀತಿಯ ಬಿಗಿ. ಗ್ಯಾಸ್ ಮುಗಿದ ದಿನದ ಬಟಾಟೆ ಇದೇ. ಅಂಥದ್ದು ಆಕಸ್ಮಿಕವಾಗಿ ಆಗಿಹೋದರೆ ಕುಕ್ಕರಿಗೆ ಹಾಕಿ ಎರಡು ವಿಸಿಲ್ ತೆಗೆಯುವುದೊಂದೇ ದಾರಿ. 120 ಡಿಗ್ರಿಯ ಹತ್ತಿರದ ಬಿಸಿಗೆ ಆ ಬೆಸುಗೆಯೂ ಸಡಿಲುತ್ತದೆ.

ಹಾಗೆಂದು ಹೋಳುಗಳನ್ನು ನೇರ ಕುಕ್ಕರಿನಲ್ಲಿ ಬೇಯಿಸುವುದಕ್ಕೆ ನನ್ನ ಸಮ್ಮತಿ ಇಲ್ಲ. ಒಂದು ವಿಸಿಲಿನ ಹೊತ್ತು ಎನ್ನುವುದು ಕುಕ್ಕರಿನ ಗಾತ್ರ, ನೀರು, ಉರಿಗೆ ತಕ್ಕ ಹಾಗೆ ಬದಲಾಗುತ್ತದೆ, ನಡುವೆ ತೆರೆದು ಕಡ್ಡಿ ಚುಚ್ಚಲು ಆಗದು. ವಿಸಿಲ್ ಎತ್ತಿ ಒತ್ತಡ ಒಮ್ಮೆಲೇ ಬಿಟ್ಟರೆ ಹೋಳಿನೊಳಗಿನ ನೀರೇ ಕುದಿದು ಸಿಡಿದು ಬಿರುಕು ಬಿಡುತ್ತದೆ. ಕಾಯುತ್ತಾ ಕೂತರೆ ಅಷ್ಟರಲ್ಲಿ ಹೆಚ್ಚು ಬೇಯುತ್ತದೆ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ ಹಿಸುಕುವ ಪಲ್ಯಕ್ಕೆ ಕುಕ್ಕರ್ ಸರಿ.

ಐದನೇ ಪಾತ್ರೆ: ಗಡಸು ನೀರು

ಪಾತ್ರೆಗೆ ಬಿಳಿ ಪದರ ಕಟ್ಟುವ ಕೊಳವೆಬಾವಿಯ ನೀರಿನಲ್ಲಿ ಮೂರನೇ ಪಾತ್ರೆಯ ಕ್ರಮವನ್ನೇ ಮಾಡಿದಾಗ ಹೋಳು ಬೇಕಾದ್ದಕ್ಕಿಂತ ಗಟ್ಟಿಯಾಯಿತು. ನೀರಿನ ಕ್ಯಾಲ್ಸಿಯಂ ಬಟಾಟೆಯದ್ದರ ಜತೆ ಸೇರಿಕೊಂಡಿತು. ಅಂಥ ನೀರಿಗೆ 15 ನಿಮಿಷ ಸಾಕು, ಬೈರಾಸು ಸುತ್ತುವುದೂ ಬೇಡ.

ಹಾಗಿದ್ದರೆ ಮೆದು ನೀರಿಗೆ ಎಲೆಯಡಿಕೆಯ ಸುಣ್ಣ ಒಂದು ಚಿಟಿಕೆ ಹಾಕಿದರಾಯಿತಲ್ಲ ಎಂದು ಯಾರಿಗಾದರೂ ತೋಚಬಹುದು. ಬೇಡ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ನಿಜ, ಆದರೆ ಅದು ಕ್ಷಾರ. ಕುದಿಯುವ ನೀರು ಕ್ಷಾರವಾದರೆ ಪೆಕ್ಟಿನ್ ಇನ್ನೂ ಬೇಗ ಕರಗುತ್ತದೆ, ಬಿಳಿ ಬಟಾಟೆ ಹಳದಿಗೆ ತಿರುಗುತ್ತದೆ. ಅಡಿಗೆಸೋಡಾ ಹಾಕಿದರೂ ಇದೇ ಕಥೆ.

ಮಸಾಲೆಗೆ ಸೇರಿಸುವುದು

ಬೇಯಿಸಿದ್ದನ್ನು ಕೆಡಿಸಲು ಕೊನೆಯ ಐದು ನಿಮಿಷ ಸಾಕಾಗುತ್ತದೆ. ಮೂರನೇ ಪಾತ್ರೆಯ ಅರ್ಧ ಕಿಲೋಗೆ ಒಂದು ದೊಡ್ಡ ಹಿಡಿ ತೆಂಗಿನತುರಿ, ತೆಂಗಿನೆಣ್ಣೆಯಲ್ಲಿ ಹುರಿದ ಆರು ಒಣಮೆಣಸು, ಎರಡು ಚಮಚ ಕೊತ್ತಂಬರಿ, ಕಾಲು ಚಮಚ ಮೆಂತೆ, ಸ್ವಲ್ಪ ಇಂಗು. ತೆಗೆದಿಟ್ಟ ನೀರಿನಲ್ಲೇ ಅರೆದದ್ದು. ಹುಣಸೆಹುಳಿ ಸಣ್ಣ ನೆಲ್ಲಿಕಾಯಿಯಷ್ಟು.

ಮೊದಲು ಮಸಾಲೆ, ಹುಳಿನೀರು, ಬೆಲ್ಲ, ಉಪ್ಪು, ಬೇಕಾದಷ್ಟು ನೀರು ಸೇರಿಸಿ ಹೋಳಿಲ್ಲದೆಯೇ ಐದು ನಿಮಿಷ ಚೆನ್ನಾಗಿ ಕುದಿಸಬೇಕು. ಹುಣಸೆಯ ಹಸಿ ವಾಸನೆ ಹೋಗುವುದು, ಮಸಾಲೆ ಹೊಂದಿಕೊಳ್ಳುವುದು ಎಲ್ಲ ಆಗಲೇ ಮುಗಿಯಬೇಕು. ತೆಳುವೋ ದಪ್ಪವೋ ಎಂಬ ತೀರ್ಮಾನವೂ ಆಗಲೇ, ಯಾಕೆಂದರೆ ಈ ಹೋಳು ಕರಗಿ ಕೊದಿಲನ್ನು ದಪ್ಪ ಮಾಡಿಕೊಡುವುದಿಲ್ಲ. ಮಾಮೂಲಿನ ನೀರಿಗಿಂತ ಒಂದು ಲೋಟ ಕಡಿಮೆ ಹಿಡಿಯಬೇಕಾಯಿತು. ಆಮೇಲೆ ಉರಿ ಸಣ್ಣ ಮಾಡಿ, ತಟ್ಟೆಯನ್ನು ಓರೆ ಹಿಡಿದು ಹೋಳು ಜಾರಿಸಬೇಕು. ಸೌಟು ಹಾಕಿ ತಿರುಗಿಸುವ ಬದಲು ಪಾತ್ರೆಯ ಎರಡು ಕಿವಿ ಹಿಡಿದು ಮೆಲ್ಲಗೆ ಕುಲುಕಿದರೆ ಹೋಳು ತಾನಾಗಿ ಮಸಾಲೆಯಲ್ಲಿ ಮುಳುಗುತ್ತದೆ. ಒಂದು ಕುದಿ ಬಂದ ತಕ್ಷಣ ಇಳಿಸಿ, ಒಗ್ಗರಣೆ ಕೊಟ್ಟು, ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಉಪ್ಪುಹುಳಿ ಒಳಗೆ ಹೋಗುತ್ತದೆ. ಹುಳಿಯ ಕಾವಲು ಇರುವುದರಿಂದ ರಾತ್ರಿ ಮತ್ತೆ ಬಿಸಿ ಮಾಡಿದರೂ ಮೂಲೆ ಮುರಿಯಲಿಲ್ಲ.

ಮೇಲಾರಕ್ಕಾದರೆ ಲೆಕ್ಕ ಬೇರೆ. ಅಲ್ಲಿ ಮಜ್ಜಿಗೆ ಒಡೆಯುವ ಭಯಕ್ಕೆ ಯಾರೂ ಕೊತಕುದಿಸುವುದಿಲ್ಲ, ಹೋಳಿಗೂ ಅದೇ ಒಳ್ಳೆಯದು.

ಐದು ಕಿಲೋ ಬೇಯಿಸುವುದಾದರೆ ಕುದಿನೀರು 15 ಲೀಟರ್, ತಣ್ಣೀರು 10 ಲೀಟರ್. ಅಷ್ಟು ದೊಡ್ಡ ರಾಶಿ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಬೈರಾಸು ಬೇಡ. ಆದರೆ ಬೆಂದ ಮೇಲೆ ಮೇಲಿನ ಹೋಳಿನ ಭಾರಕ್ಕೆ ತಳದ್ದು ಜಜ್ಜಿಹೋಗುತ್ತದೆ, ಆದ್ದರಿಂದ ಕೊನೆಯ ಬೇಯಿಸುವಿಕೆಯನ್ನು ಅಗಲಬಾಯಿಯ ಎರಡು ಪಾತ್ರೆಗೆ ಹಂಚಿಕೊಳ್ಳಬೇಕು.

ಬಾಳೆಕಾಯಿಗೆ ಏನು ಬದಲು

ಬಾಳೆಕಾಯಿಯನ್ನು ಹೀಗೆ ನೆನೆಸಿಡುವ ಅಗತ್ಯ ಕಂಡುಬರಲಿಲ್ಲ. ಅದು ಬೇಗ ಬೇಯುತ್ತದೆ, ಹೆಚ್ಚು ಬೆಂದರೆ ಹಿಟ್ಟಾಗುತ್ತದೆ, ತಣಿದರೆ ಗಟ್ಟಿಯಾಗುತ್ತದೆ. ಬಟಾಟೆಗೆ ಲಾಭವಾದ ತಣಿಸುವ ಕೆಲಸ ಇದಕ್ಕೆ ನಷ್ಟ, ಆದ್ದರಿಂದ ಮಸಾಲೆ ಸಿದ್ಧ ಮಾಡಿಟ್ಟುಕೊಂಡೇ ಬೇಯಿಸಲು ಇಡಬೇಕು. ಕಾಯಿ ಬಲಿತಿರಬೇಕು, ಆದರೆ ತೊಟ್ಟಿನ ಕಡೆ ಹಳದಿ ತಿರುಗಿರಬಾರದು. ಹಳದಿ ಕಂಡರೆ ಪಿಷ್ಟ ಸಕ್ಕರೆಯಾಗಲು ಶುರುವಾಗಿದೆ, ಎಷ್ಟು ಜಾಗ್ರತೆ ಮಾಡಿದರೂ ಹೋಳು ಸಿಹಿಯಾಗಿ ಕಲಸಿಹೋಗುತ್ತದೆ.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ, ಏಣು ತೆಗೆದು, ಎರಡು ಸೆಂಟಿಮೀಟರಿನ ಬಿಲ್ಲೆ ಮಾಡಿ, ಕೊರೆದದ್ದನ್ನು ಕೊರೆದ ಹಾಗೆ ನೀರಿಗೆ ಹಾಕಬೇಕು. ಒಂದು ಲೀಟರ್ ನೀರಿಗೆ ಅರ್ಧ ಲೋಟ ಮಜ್ಜಿಗೆ ಬೆರೆಸಿದ್ದರೆ ಕಪ್ಪಾಗುವುದು ಬಹಳ ಕಡಿಮೆ. ಬೇಯಿಸುವ ಮೊದಲು ಆ ನೀರು ಚೆಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಎರಡನೇ ಪಾತ್ರೆಯ ಪಾಡೇ ಇಲ್ಲೂ. ಅರಸಿನ, ಉಪ್ಪು, ಹೋಳು ಮುಳುಗುವಷ್ಟೇ ನೀರು, ಮುಚ್ಚಳ, ಸಣ್ಣ ಉರಿ. ನೇಂದ್ರ ಬಾಳೆಕಾಯಿಗೆ ಎಂಟನೇ ನಿಮಿಷದಿಂದ ಕಡ್ಡಿ ಚುಚ್ಚಿ ನೋಡಲು ಶುರುಮಾಡಬೇಕು. ಹತ್ತಕ್ಕೆ ಬೆಂದಿತು, ಹದಿಮೂರಕ್ಕೆ ಬಿಲ್ಲೆಯ ಅಂಚು ಉದುರತೊಡಗಿತು. ಬಟಾಟೆಯಲ್ಲಿ ಸಿಗುವಷ್ಟು ಸಡಿಲ ಇಲ್ಲಿ ಇಲ್ಲ.

ಬೀಟ್ರೂಟ್

ಬೀಟ್ರೂಟ್ ಒಡೆಯುವ ತರಕಾರಿಯೇ ಅಲ್ಲ. ಅದರ ಕೋಶಗಳನ್ನು ಹಿಡಿದಿಟ್ಟಿರುವ ಕಟ್ಟು ಕುದಿಗೆ ಸುಲಭಕ್ಕೆ ಬಿಡದಂಥದ್ದು, ಪಿಷ್ಟವೂ ಇಲ್ಲವೆನ್ನುವಷ್ಟು ಕಡಿಮೆ. ಗಂಟೆಗಟ್ಟಲೆ ಬೆಂದರೂ ಚೌಕ ಚೌಕವಾಗಿಯೇ ಇರುತ್ತದೆ. ಅದರ ತೊಂದರೆ ಎರಡು, ನಡು ಬೇಯದಿರುವುದು ಮತ್ತು ಬಣ್ಣ ನೀರಿಗೆ ಹೋಗುವುದು. ಎರಡಕ್ಕೂ ಮದ್ದು ಒಂದೇ: ಇಡಿಯಾಗಿ, ಸಿಪ್ಪೆ ಸಮೇತ, ಎರಡು ಬೆರಳು ದಂಟು ಮತ್ತು ಬೇರಿನ ಬಾಲ ಉಳಿಸಿಕೊಂಡು, ತಣ್ಣೀರಿನಿಂದಲೇ ಶುರುಮಾಡಿ ಸಣ್ಣ ಕುದಿಯಲ್ಲಿ ಬೇಯಿಸುವುದು. ಮುಷ್ಟಿಗಿಂತ ಸ್ವಲ್ಪ ಚಿಕ್ಕದಿದ್ದರೆ ಕುದಿ ಬಂದಲ್ಲಿಂದ 40 ನಿಮಿಷದ ಹತ್ತಿರ. ಒಂದೇ ಗಾತ್ರದವನ್ನು ಆರಿಸಬೇಕು, ಆಗದಿದ್ದರೆ ದೊಡ್ಡದನ್ನು ಹದಿನೈದು ನಿಮಿಷ ಮೊದಲು ಹಾಕಬೇಕು. ಬಾಲ ಕತ್ತರಿಸಿದ ಒಂದು ಗೆಡ್ಡೆ ಪಾತ್ರೆಯಲ್ಲಿದ್ದರೆ ನೀರಿನ ಬಣ್ಣದಲ್ಲೇ ಗೊತ್ತಾಗುತ್ತದೆ.

ಬೆಂದದ್ದನ್ನು ತಣ್ಣೀರಿಗೆ ಹಾಕಿ ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ಸಿಪ್ಪೆ ಕೈಗೆ ಬರುತ್ತದೆ. ಬರದಿದ್ದರೆ ಒಳಗೆ ಬೆಂದಿಲ್ಲವೆಂದೇ ಲೆಕ್ಕ, ಕೊರೆಯದೆ ಹಿಂದೆ ಪಾತ್ರೆಗೆ ಹಾಕಬೇಕು. ಹೋಳು ಮಾಡಿದ ಮೇಲೆ ಒಂದು ಚಮಚ ಹುಳಿನೀರು ಚಿಮುಕಿಸಿದರೆ ಕೆಂಪು ಮಾಸುವುದಿಲ್ಲ. ಬಟಾಟೆಯ ಜತೆ ಸೇರಿಸುವುದಿದ್ದರೆ ಎಲ್ಲಕ್ಕಿಂತ ಕೊನೆಗೆ, ಒಲೆ ಆರಿಸಿದ ಮೇಲೆ. ಇಲ್ಲವಾದರೆ ಅರ್ಧ ಗಂಟೆ ಬೈರಾಸು ಸುತ್ತಿ ಉಳಿಸಿಕೊಂಡ ಬಿಳಿ ಚೌಕ ಯಾವುದು, ಬೀಟ್ರೂಟ್ ಯಾವುದು ಎಂದು ಬಟ್ಟಲಿನಲ್ಲಿ ಗುರುತು ಹಿಡಿಯಲಾಗದು.